ಬಾವುಟ ಒಂದೇ, ಬಣ್ಣಗಳು ಎಷ್ಟಾದರೂ

ಆಗಸ್ಟ್ ಹತ್ತಿರವಾದಂತೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಅಪಾರ್ಟ್‌ಮೆಂಟುಗಳಲ್ಲಿ ಅಸೋಸಿಯೇಷನ್‌ನವರ ಖರೀದಿ ಪಟ್ಟಿ ತಯಾರಾಗುತ್ತದೆ. ಕಾಗದದ ಬಾವುಟಗಳ ಸರ, ಮೂರು ಬಣ್ಣದ ಬಲೂನು, ಧ್ವಜಸ್ತಂಭಕ್ಕೆ ಸುತ್ತಲು ಚೆಂಡುಹೂವಿನ ಹಾರ, ವೇದಿಕೆಯ ಮೇಜಿಗೆ ಹೊದಿಸಲು ತ್ರಿವರ್ಣದ ಬಟ್ಟೆ, ಮಕ್ಕಳ ಅಂಗಿಗೆ ಚುಚ್ಚಲು ಪುಟ್ಟ ಬಾವುಟ, ಸ್ತಂಭದ ಬುಡದಲ್ಲಿ ಬಿಡಿಸುವ ರಂಗೋಲಿಗೆ ಪುಡಿ. ಈ ಪಟ್ಟಿಯ ಹಿಂದೆ ಒಂದು ನಂಬಿಕೆ ಇದೆ. ರಾಷ್ಟ್ರೀಯ ಹಬ್ಬದ ದಿನ ತ್ರಿವರ್ಣ ಹೆಚ್ಚು ಕಂಡಷ್ಟೂ ರಾಷ್ಟ್ರಕ್ಕೆ ಸಲ್ಲುವ ಗೌರವ ಹೆಚ್ಚು; ಮನಸ್ಸಿನಲ್ಲಿ ಭಕ್ತಿ ಇದ್ದ ಮೇಲೆ ಕಟ್ಟಿದ ರೀತಿಯಲ್ಲಿ ತಪ್ಪು ಹುಡುಕಬಾರದು. ಈ ಲೇಖನ ತಕರಾರು ತೆಗೆಯುತ್ತಿರುವುದು ಈ ನಂಬಿಕೆಯ ಬಗ್ಗೆ.

ಮೊದಲು ಅದಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ಯಾರೂ ಹೇಳದೆ, ಯಾರ ಒತ್ತಾಯವೂ ಇಲ್ಲದೆ, ರಜೆಯ ದಿನ ಬೆಳಗ್ಗೆ ಐದಕ್ಕೇ ಎದ್ದು ಅಂಗಳ ಸಿಂಗರಿಸುವವರ ಪ್ರೀತಿ ನಿಜವಾದದ್ದು. ಬಾವುಟ ಬಹುಕಾಲ ಸರ್ಕಾರಿ ಕಟ್ಟಡಗಳ ಸ್ವತ್ತಿನಂತೆಯೇ ಇತ್ತು. ಸಾಮಾನ್ಯ ನಾಗರಿಕ ತನ್ನ ಮನೆಯ ಮೇಲೆ ಅದನ್ನು ಕೆಲವೇ ಗೊತ್ತಾದ ದಿನಗಳಲ್ಲಿ ಮಾತ್ರ ಹಾರಿಸಬಹುದಿತ್ತು. ಆ ದೂರ ಈಚೆಗೆ ಕಡಿಮೆಯಾಗಿದೆ, ಆಗಬೇಕಾದ್ದೂ ಹೌದು. ಹೀಗಿರುವಾಗ ಮತ್ತೆ ‘ಹಾಗೆ ಮಾಡಬೇಡಿ, ಹೀಗೆ ಕಟ್ಟಬೇಡಿ’ ಎನ್ನುವುದು ಜನರನ್ನು ಬಾವುಟದಿಂದ ಹಿಂದಕ್ಕೆ ತಳ್ಳಿದಂತೆ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆಯಲ್ಲಿ ಹುರುಳಿದೆ. ಹಾಗಾಗಿ ನಿಯಮಗಳು ನಿಜಕ್ಕೂ ಎಲ್ಲಿ ಸಡಿಲವಾದವು, ಎಲ್ಲಿ ಆಗಲಿಲ್ಲ ಎಂಬುದನ್ನು ಮೊದಲು ನೋಡಬೇಕು.

ಇಪ್ಪತ್ತು ವರ್ಷಗಳಲ್ಲಿ ಆದ ಮುಖ್ಯ ಬದಲಾವಣೆಗಳು ಇವು:

1. 2002ರ ಜನವರಿ 26ರಿಂದ ಭಾರತೀಯ ಧ್ವಜ ಸಂಹಿತೆ ಜಾರಿಗೆ ಬಂತು. ನಾಗರಿಕರು, ಖಾಸಗಿ ಸಂಸ್ಥೆಗಳು, ಶಾಲೆಗಳು ವರ್ಷದ ಯಾವ ದಿನವಾದರೂ ಬಾವುಟ ಹಾರಿಸಬಹುದು ಎಂದಾಯಿತು. 2004ರ ಜನವರಿ 23ರಂದು ನವೀನ್ ಜಿಂದಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗೌರವ ಮತ್ತು ಘನತೆಯಿಂದ ಬಾವುಟ ಹಾರಿಸುವುದು ಸಂವಿಧಾನದ 19(1)(ಎ) ವಿಧಿಯ ಅಡಿಯಲ್ಲಿ ನಾಗರಿಕನ ಮೂಲಭೂತ ಹಕ್ಕು ಎಂದು ಹೇಳಿತು.

2. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಖಾದಿಯ ಜೊತೆಗೆ ಪಾಲಿಯೆಸ್ಟರ್ ಬಟ್ಟೆಗೂ ಯಂತ್ರದಲ್ಲಿ ತಯಾರಿಸಿದ ಬಾವುಟಕ್ಕೂ ಅವಕಾಶ ಸಿಕ್ಕಿತು.

3. 2022ರ ಜುಲೈನ ತಿದ್ದುಪಡಿಯಿಂದ, ಬಯಲಿನಲ್ಲಿ ಅಥವಾ ನಾಗರಿಕರ ಮನೆಯ ಮೇಲೆ ಹಾರಿಸುವ ಬಾವುಟ ಹಗಲೂ ರಾತ್ರಿಯೂ ಹಾರಬಹುದು ಎಂದಾಯಿತು. ಅದಕ್ಕೂ ಮೊದಲು ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಬ ಮಿತಿ ಇತ್ತು.

ಮೂರನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಯಾರು ಹಾರಿಸಬಹುದು, ಯಾವಾಗ ಹಾರಿಸಬಹುದು, ಯಾವ ಬಟ್ಟೆಯದ್ದನ್ನು ಹಾರಿಸಬಹುದು ಎಂಬುದಷ್ಟೇ ಸಡಿಲವಾಗಿದೆ. ಹೇಗೆ ಹಾರಿಸಬೇಕು ಎಂಬುದು ಹಾಗೆಯೇ ಉಳಿದಿದೆ. ಬಾವುಟವನ್ನು ತೋರಣವಾಗಿ, ಪತಾಕೆಯ ಸರವಾಗಿ, ಹೂಗುಚ್ಛದ ಆಕಾರದಲ್ಲಿ ಅಥವಾ ಬೇರೆ ಯಾವುದೇ ರೀತಿಯಲ್ಲಿ ಅಲಂಕಾರಕ್ಕೆ ಬಳಸಕೂಡದು ಎಂಬ ಸಂಹಿತೆಯ ಮಾತು 2002ರಲ್ಲಿ ಇದ್ದಂತೆಯೇ ಇಂದಿಗೂ ಇದೆ. ಸುಪ್ರೀಂ ಕೋರ್ಟ್ ಹಕ್ಕನ್ನು ಎತ್ತಿಹಿಡಿದಾಗಲೂ ಅದಕ್ಕೆ ಗೌರವ, ಘನತೆ ಎಂಬ ಎರಡು ಷರತ್ತುಗಳನ್ನು ಸೇರಿಸಿಯೇ ಎತ್ತಿಹಿಡಿಯಿತು. ಆದ್ದರಿಂದ ‘ಈಗ ಎಲ್ಲದಕ್ಕೂ ಅನುಮತಿ ಇದೆಯಲ್ಲ’ ಎನ್ನುವವರು ಯಾವ ಬಾಗಿಲು ತೆರೆಯಿತು ಎಂಬುದನ್ನು ಸರಿಯಾಗಿ ನೋಡಿಲ್ಲ. ಬಾವುಟ ಎಲ್ಲರ ಅಂಗಳಕ್ಕೂ ಬರಬಹುದು ಎಂದು ಅದು ಹೇಳಿತೇ ಹೊರತು, ಬಂದ ಮೇಲೆ ಅಲಂಕಾರದ ಸಾಮಾನಾಗಬಹುದು ಎಂದು ಹೇಳಲಿಲ್ಲ.

ಅಲಂಕಾರಕ್ಕೆ ಬಳಸಬಾರದು ಎಂಬುದಕ್ಕೆ ಕಾರಣವೇನು? ಇದು ಅಧಿಕಾರಿಗಳ ಹಟ ಎಂದು ತಳ್ಳಿಹಾಕುವ ಮುನ್ನ ಅಲಂಕಾರ ಎಂದರೇನು ಎಂದು ಕೇಳಿಕೊಳ್ಳಬೇಕು. ಅಲಂಕಾರ ಯಾವತ್ತೂ ಇನ್ನೊಂದರ ಸಲುವಾಗಿ ಇರುವಂಥದ್ದು. ಬೇರೆ ಏನನ್ನೋ ಚೆಂದಗೊಳಿಸಲು, ನೋಡುವವರ ಕಣ್ಣನ್ನು ಇನ್ನೊಂದು ಕಡೆಗೆ ಕರೆದೊಯ್ಯಲು ಅದು ಬರುತ್ತದೆ. ರಥೋತ್ಸವಕ್ಕೆ ಮಂಟಪವನ್ನು ಸಿಂಗರಿಸುತ್ತಾರೆಯೇ ಹೊರತು ಉತ್ಸವಮೂರ್ತಿಯ ನೂರು ಪ್ರತಿ ಮಾಡಿಸಿ ದಾರಕ್ಕೆ ಪೋಣಿಸಿ ಮಂಟಪಕ್ಕೆ ಕಟ್ಟುವುದಿಲ್ಲ. ಧ್ವಜಾರೋಹಣದ ಬೆಳಗ್ಗೆ ಅಂಗಳದಲ್ಲಿ ಗೌರವ ಸಲ್ಲಬೇಕಾದ ವಸ್ತು ಬಾವುಟ. ಉಳಿದದ್ದೆಲ್ಲ ಅದರ ಸಲುವಾಗಿ. ಬಾವುಟವನ್ನೇ ಸರ ಮಾಡಿ ಕಟ್ಟಿದ ಕೂಡಲೇ ಈ ಸಂಬಂಧ ತಲೆಕೆಳಗಾಗುತ್ತದೆ. ಬಾವುಟವೇ ಅಂಗಳವನ್ನು ಸಿಂಗರಿಸುವ ಸರಕಾಗುತ್ತದೆ.

ಬಾವುಟ ಎಲ್ಲಿ ಹಾರಿದರೂ ಗೌರವದ ಸ್ಥಾನದಲ್ಲಿರಬೇಕು, ಪ್ರತ್ಯೇಕವಾಗಿ ಎದ್ದು ಕಾಣಬೇಕು ಎಂದು ಸಂಹಿತೆ ಹೇಳುತ್ತದೆ. ಒಂದು ಸ್ತಂಭದ ಸುತ್ತ ಕಾಗದದ ಐನೂರು ಬಾವುಟಗಳು ಜೋತಾಡುತ್ತಿದ್ದರೆ ಮೇಲೆ ಹಾರುವ ಬಾವುಟ ಎದ್ದು ಕಾಣುವುದಾದರೂ ಹೇಗೆ? ಅದು ಐನೂರ ಒಂದನೆಯದಾಗುತ್ತದೆ, ಅಷ್ಟೇ. ಹೆಚ್ಚು ತ್ರಿವರ್ಣ ಕಂಡರೆ ಹೆಚ್ಚು ಗೌರವ ಎಂಬ ಎಣಿಕೆ ಮುರಿದು ಬೀಳುವುದು ಇಲ್ಲೇ. ಸಂಖ್ಯೆ ಹೆಚ್ಚಿದಂತೆ ಗಮನ ಹಂಚಿಹೋಗುತ್ತದೆ, ಮತ್ತು ಆ ಬೆಳಗ್ಗೆ ಬಾವುಟಕ್ಕೆ ಬೇಕಾದದ್ದು ಗಮನವೇ.

ಇನ್ನೊಂದು ಕಾರಣವನ್ನು ಕಾಣಲು ಹುಬ್ಬಳ್ಳಿಯ ಬೆಂಗೇರಿಗೆ ಹೋಗಬೇಕು. ಅಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಭಾರತೀಯ ಮಾನಕ ಬ್ಯೂರೋದ ಪ್ರಮಾಣಪತ್ರ ಪಡೆದು ಖಾದಿ ರಾಷ್ಟ್ರಧ್ವಜ ತಯಾರಿಸುವ ಸಂಸ್ಥೆ. ಅಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಬಾವುಟದ ಉದ್ದ ಮತ್ತು ಎತ್ತರ 3:2ರ ಪ್ರಮಾಣದಲ್ಲೇ ಇರಬೇಕು. ಮೂರು ಪಟ್ಟಿಗಳ ಅಗಲ ಸಮ ಇರಬೇಕು. ಚಕ್ರದಲ್ಲಿ ಅರೆಗಳು 24 ಇರಬೇಕು, ಅದು ಕಡುನೀಲಿ ಬಣ್ಣದಲ್ಲಿ ಬಟ್ಟೆಯ ಎರಡೂ ಮಗ್ಗುಲಿಗೆ ಒಂದರ ಬೆನ್ನಿಗೆ ಒಂದು ಸರಿಯಾಗಿ ಕೂರಬೇಕು. ಗಾತ್ರಗಳೂ ಗೊತ್ತಾದವೇ: 6300×4200 ಮಿಲಿಮೀಟರಿನಿಂದ ಹಿಡಿದು ಮೇಜಿನ ಮೇಲಿಡುವ 150×100ರವರೆಗೆ ಒಟ್ಟು ಒಂಬತ್ತು. ಬಾವುಟ ಎಂಬುದು ಇಷ್ಟು ಖಚಿತವಾದ ವಸ್ತು. ಅಲಂಕಾರಕ್ಕೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಅಗ್ಗವಾಗಿರಬೇಕು, ಸಾವಿರಗಟ್ಟಲೆ ಸಿಗಬೇಕು, ಒಂದು ದಿನಕ್ಕೆ ಬಾಳಿದರೆ ಸಾಕು. ಸರದಲ್ಲಿ ಬರುವ ಒಂದು ಕಾಗದದ ಬಾವುಟವನ್ನು ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಚಕ್ರ ಮಸಿಯ ಚುಕ್ಕಿಯಂತಿರುತ್ತದೆ, ಅರೆಗಳನ್ನು ಎಣಿಸಲಾಗುವುದಿಲ್ಲ, ಬಿಳಿ ಪಟ್ಟಿ ಕಿರಿದಾಗಿರುತ್ತದೆ, ದಾರ ಅಂಟಿಸಿದ ಕಡೆ ಕೇಸರಿ ಮಡಚಿಹೋಗಿರುತ್ತದೆ. ಗಾಳಿಗೆ ಸರ ತಿರುಚಿಕೊಂಡರೆ ಅರ್ಧದಷ್ಟು ಬಾವುಟಗಳಲ್ಲಿ ಹಸಿರು ಮೇಲಾಗುತ್ತದೆ. ಬಾವುಟವನ್ನು ಸರಿಯಾಗಿ ಹಾರಿಸಲು ಬೇಕಾದ ಯಾವ ಎಚ್ಚರವನ್ನೂ ಸಾವಿರ ಬಾವುಟಗಳ ವಿಷಯದಲ್ಲಿ ವಹಿಸಲು ಸಾಧ್ಯವಿಲ್ಲ. ಬಾವುಟವನ್ನು ಅಲಂಕಾರಕ್ಕೆ ಬಳಸಬಾರದು ಎಂಬ ನಿಯಮಕ್ಕೆ ಇಷ್ಟು ನೇರವಾದ ಕಾರಣವೂ ಇದೆ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡೂ ಕಾನೂನನ್ನು ಓದಿದವರಿಂದಲೇ ಬರುವಂಥವು, ಹಾಗಾಗಿ ಹಾರಿಕೆಯ ಉತ್ತರ ಸಲ್ಲದು.

ಮೊದಲನೆಯದು: ಧ್ವಜ ಸಂಹಿತೆ ಕಾನೂನೇ ಅಲ್ಲ, ಸರ್ಕಾರದ ಸೂಚನೆಗಳ ಸಂಗ್ರಹ. ನಿಜ. ಜಿಂದಾಲ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಆದರೆ ಬಾವುಟದ ಘನತೆಯನ್ನು ಕಾಪಾಡುವ ಮಟ್ಟಿಗೆ ಅದರ ಸೂಚನೆಗಳನ್ನು ಪಾಲಿಸಬೇಕು ಎಂದೂ ಅದೇ ತೀರ್ಪು ಹೇಳಿತು. ಅದಲ್ಲದೆ ಸಂಹಿತೆಯ ಹಿಂದೆ 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ ಇದೆ, ಅದು ಕಾನೂನೇ. ಅದನ್ನು ಮೀರಿದರೆ ಮೂರು ವರ್ಷದವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ ಆಗಬಹುದು. ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಸಾಮಾನ್ಯವಾಗಿ ಆಗುವ ತಪ್ಪುಗಳು ಈ ಎರಡರ ನಡುವೆ ಹಂಚಿಹೋಗಿವೆ ಎಂಬುದನ್ನು ಪದಾಧಿಕಾರಿಗಳು ತಿಳಿದಿರುವುದು ಒಳ್ಳೆಯದು. ಬಾವುಟಗಳ ಸರ ಕಟ್ಟುವುದನ್ನು ಬೇಡವೆನ್ನುವುದು ಸಂಹಿತೆ. ಭಾಷಣದ ಮೇಜಿಗೆ ಅಥವಾ ವೇದಿಕೆಗೆ ಬಾವುಟ ಹೊದಿಸುವುದು, ಬಾವುಟದ ಮೇಲೆ ಅಕ್ಷರ ಬರೆಯುವುದು, ಕಟ್ಟಡಕ್ಕೆ ಅದನ್ನು ಮುಸುಕು ಹಾಕುವುದು, ಬೇಕೆಂದೇ ನೆಲಕ್ಕೆ ತಾಗಿಸುವುದು, ಬೇಕೆಂದೇ ಕೇಸರಿಯನ್ನು ಕೆಳಗೆ ಮಾಡಿ ಹಾರಿಸುವುದು ಕಾಯ್ದೆಯಲ್ಲೇ ಅಪಮಾನ ಎಂದು ಪಟ್ಟಿಯಾಗಿವೆ. ಬಾವುಟ ಎಂದರೆ ಅದರ ಚಿತ್ರ, ಛಾಯಾಚಿತ್ರ, ಯಾವುದೇ ವಸ್ತುವಿನಿಂದ ಮಾಡಿದ ಅಥವಾ ಯಾವುದೇ ವಸ್ತುವಿನ ಮೇಲೆ ಮೂಡಿಸಿದ ಅದರ ರೂಪ, ಅದರ ಭಾಗದ ರೂಪ ಕೂಡ ಸೇರುತ್ತದೆ ಎಂದು ಕಾಯ್ದೆ ವಿವರಿಸುತ್ತದೆ. ‘ನಾವು ಹೊದಿಸಿದ್ದು ಬಾವುಟವಲ್ಲ, ಬಾವುಟದ ಚಿತ್ರವಿರುವ ಬಟ್ಟೆ’ ಎಂಬ ಸಮಜಾಯಿಷಿ ಆದ್ದರಿಂದ ನಿಲ್ಲುವುದಿಲ್ಲ.

ಎರಡನೆಯದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ: ಉದ್ದೇಶ ಕೆಟ್ಟದ್ದಲ್ಲದಿದ್ದರೆ ಅಪರಾಧವಿಲ್ಲ. 2013ರ ಕ್ರಿಸ್‌ಮಸ್ ದಿನ ಕೊಯಮತ್ತೂರಿನ ಒಂದು ಸಮಾರಂಭದಲ್ಲಿ ತ್ರಿವರ್ಣದ ಭಾರತ ನಕ್ಷೆ, ನಡುವೆ ಅಶೋಕ ಚಕ್ರ ಇರುವ ಕೇಕನ್ನು ಕತ್ತರಿಸಿದ್ದರ ಮೇಲೆ ದೂರು ದಾಖಲಾಗಿತ್ತು. 2021ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವರು ಇದು 1971ರ ಕಾಯ್ದೆಯಡಿ ಅಪರಾಧವಲ್ಲ ಎಂದು ತೀರ್ಮಾನಿಸಿದರು. ಸ್ವಾತಂತ್ರ್ಯ ದಿನಾಚರಣೆಯಲ್ಲಿ ಎದೆಗೆ ಚುಚ್ಚಿಕೊಂಡ ಬಾವುಟವನ್ನು ಯಾರೂ ಬಾಳಿಡೀ ಕಾಪಾಡುವುದಿಲ್ಲ, ಹಾಗೆಂದು ಅವರೆಲ್ಲ ಬಾವುಟಕ್ಕೆ ಅವಮಾನ ಮಾಡಿದಂತಾಗುವುದೇ ಎಂಬ ಪ್ರಶ್ನೆಯನ್ನೂ ಆ ತೀರ್ಪು ಎತ್ತಿ, ಇಲ್ಲ ಎಂದು ಉತ್ತರಿಸಿತು. ಕಾಯ್ದೆಯನ್ನು ಅಷ್ಟು ಬಿಗಿಯಾಗಿ ಓದಿದರೆ ಜನ ಬಾವುಟ ಮುಟ್ಟಲೇ ಹೆದರುತ್ತಾರೆ ಎಂಬುದು ಅದರ ತಿರುಳು.

ಈ ತೀರ್ಪು ಸರಿಯಾದದ್ದು, ಅಗತ್ಯವಾದದ್ದೂ ಹೌದು. ನೆರೆಮನೆಯವರ ಮಗುವಿನ ಟೋಪಿಯ ಫೋಟೊ ತೆಗೆದು ಪೊಲೀಸರಿಗೆ ಕಳಿಸುವವರು ಅದನ್ನು ಓದಬೇಕು. ಆದರೆ ಈ ತೀರ್ಪು ಉತ್ತರಿಸುವ ಪ್ರಶ್ನೆಯೇ ಬೇರೆ. ಯಾರನ್ನು ಶಿಕ್ಷಿಸಬಹುದು ಎಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆ. ಆಗಸ್ಟ್ 15ರ ಬೆಳಗ್ಗೆ ಅಂಗಳವನ್ನು ಹೇಗೆ ಸಿಂಗರಿಸಬೇಕು ಎಂಬುದು ಸಮಿತಿಯ ಮುಂದಿರುವ ಪ್ರಶ್ನೆ. ದಂಡನೆಗೆ ಅರ್ಹವಲ್ಲ ಎಂದು ಗೊತ್ತಾದ ಮಾತ್ರಕ್ಕೆ ಆ ಕೆಲಸ ತಕ್ಕುದು ಎಂದಾಗುವುದಿಲ್ಲ. ತಿಳಿಯದೆ ಆದ ತಪ್ಪಿಗೆ ಒಳ್ಳೆಯ ಉದ್ದೇಶ ರಕ್ಷಣೆ ಕೊಡುತ್ತದೆ; ತಿಳಿದ ಮೇಲೂ ಅದೇ ಅಲಂಕಾರಕ್ಕೆ ಹಣ ಮಂಜೂರು ಮಾಡುವ ಸಮಿತಿ ಅದೇ ಉದ್ದೇಶವನ್ನು ಮುಂದೊಡ್ಡಿದರೆ ಅದಕ್ಕೆ ಬೆಲೆ ಕಡಿಮೆ. ಪ್ರೀತಿ ನಿಜವಾಗಿದ್ದರೆ, ಪ್ರೀತಿಸುವ ವಸ್ತುವನ್ನು ಹೇಗೆ ಹಿಡಿಯಬೇಕು ಎಂದು ತಿಳಿದುಕೊಳ್ಳುವ ಆಸೆಯೂ ಅದರ ಜೊತೆಗೇ ಬರಬೇಕು.

ಹಾಗಾದರೆ ಅಂಗಳ ಬೋಳಾಗಿರಬೇಕೇ? ತಪ್ಪಿನ ಭಯದಿಂದ ಕೆಲವು ಕಡೆ ತ್ರಿವರ್ಣವನ್ನೇ ಕೈಬಿಟ್ಟು ಬರೀ ಬಾವುಟ ಏರಿಸಿ ಕಾರ್ಯಕ್ರಮ ಮುಗಿಸುತ್ತಾರೆ. ಇದೂ ಅದೇ ಗೊಂದಲದ ಇನ್ನೊಂದು ಮುಖ. ಎರಡೂ ಕಡೆಯವರು ಬಾವುಟವನ್ನೂ ಅದರ ಬಣ್ಣಗಳನ್ನೂ ಒಂದೇ ಎಂದುಕೊಂಡಿದ್ದಾರೆ. ಕೇಸರಿ, ಬಿಳಿ, ಹಸಿರು ಯಾರ ಸ್ವತ್ತೂ ಅಲ್ಲ. ಚೆಂಡುಹೂವು ಕೇಸರಿ, ಸುಗಂಧರಾಜ ಬಿಳಿ, ಮಾವಿನೆಲೆ ಹಸಿರು. ಈ ಬಣ್ಣಗಳು ಸಮ ಅಗಲದ ಮೂರು ಅಡ್ಡ ಪಟ್ಟಿಗಳಾಗಿ ಇದೇ ಕ್ರಮದಲ್ಲಿ ಕೂತು, ನಡುವೆ ಚಕ್ರ ಬಂದಾಗ ಬಾವುಟವಾಗುತ್ತದೆ. ಚಕ್ರವಿಲ್ಲದಿದ್ದರೂ ಆಯತಾಕಾರದ ತುಂಡಿನಲ್ಲಿ ಮೂರು ಪಟ್ಟಿಗಳು ಅದೇ ಕ್ರಮದಲ್ಲಿದ್ದರೆ ದಾರಿಹೋಕರು ಅದನ್ನು ಬಾವುಟ ಎಂದೇ ಕರೆಯುತ್ತಾರೆ. ಕಾಯ್ದೆ ‘ಭಾಗ’ವನ್ನೂ ಒಳಗೊಂಡಿರುವುದರಿಂದ ಅದರಿಂದ ದೂರ ಇರುವುದೇ ಕ್ಷೇಮ. ಸಮಿತಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಬೇಕಿಲ್ಲ. ನೋಡಿದವರು ‘ಬಾವುಟ’ ಎನ್ನುತ್ತಾರೋ ‘ಬಾವುಟದ ಬಣ್ಣಗಳು’ ಎನ್ನುತ್ತಾರೋ? ಮೊದಲನೆಯದಾದರೆ ಅದನ್ನು ಬಾವುಟದಂತೆಯೇ ನಡೆಸಿಕೊಳ್ಳಬೇಕು. ಎರಡನೆಯದಾದರೆ ಅದು ಅಲಂಕಾರ, ಧಾರಾಳವಾಗಿ ಕಟ್ಟಬಹುದು.

ಈ ಪರೀಕ್ಷೆಯನ್ನು ಒಂದು ಅಂಗಳಕ್ಕೆ ಅನ್ವಯಿಸಿ ನೋಡೋಣ. ಮೂರು ಬ್ಲಾಕು, ನಡುವೆ ಅಂಗಳ, ಗೇಟಿನಿಂದ ಒಳಗೆ ಬಂದೊಡನೆ ಕಾಣುವ ಧ್ವಜಸ್ತಂಭ, ಅದರ ಹಿಂದೆ ಕ್ಲಬ್‌ಹೌಸ್: ನಗರದ ಅಪಾರ್ಟ್‌ಮೆಂಟುಗಳಲ್ಲಿ ಬಹುಪಾಲು ಹೀಗೇ ಇರುತ್ತವೆ. ಇಲ್ಲಿ ಅತಿ ಹೆಚ್ಚು ತಪ್ಪಾಗುವುದು ಸ್ತಂಭದಲ್ಲೇ. ಸ್ತಂಭದ ತುದಿಯಿಂದ ನಾಲ್ಕು ದಿಕ್ಕಿಗೆ, ಮೊದಲ ಮಹಡಿಯ ಬಾಲ್ಕನಿಗಳವರೆಗೆ, ಡೇರೆಯ ಹಗ್ಗದಂತೆ ಬಂಟಿಂಗ್ಸ್ ಎಳೆದು ಕಟ್ಟುವ ರೂಢಿ ಇದೆ. ನೋಡಲು ಹಬ್ಬದಂತಿರುತ್ತದೆ. ಆದರೆ ಬಾವುಟಕ್ಕಿಂತ ಮೇಲೆ ಅಥವಾ ಅದರ ಪಕ್ಕದಲ್ಲಿ ಬೇರೆ ಬಾವುಟವಾಗಲೀ ಪತಾಕೆಯಾಗಲೀ ಇರಕೂಡದು, ಬಾವುಟ ಹಾರುವ ಸ್ತಂಭದ ಮೇಲೆ ಹೂವು, ಹಾರ, ಲಾಂಛನ ಸೇರಿದಂತೆ ಯಾವ ವಸ್ತುವೂ ಇರಕೂಡದು ಎಂದು ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಸ್ತಂಭಕ್ಕೆ ಬುಡದಿಂದ ತುದಿಯವರೆಗೆ ಸುತ್ತುವ ಚೆಂಡುಹೂವಿನ ಹಾರವೂ ಇದರಿಂದಾಗಿಯೇ ತಪ್ಪು. ಅದು ಹೂವಾದರೂ ತಪ್ಪು, ಎಷ್ಟೇ ಭಕ್ತಿಯಿಂದ ಕಟ್ಟಿದ್ದರೂ ತಪ್ಪು. ಈ ಎರಡು ರೂಢಿಗಳಿಂದ ಆಗುವ ತೊಂದರೆ ಕಣ್ಣಿಗೇ ಕಾಣುತ್ತದೆ. ಗಾಳಿಗೆ ಬಾವುಟ ಬಿಚ್ಚಿಕೊಂಡಾಗ ಅದರ ಅಂಚು ಎಳೆದ ದಾರಕ್ಕೆ ಸಿಕ್ಕಿಕೊಳ್ಳುತ್ತದೆ, ಹಾರದ ನಾರು ಮೇಲಕ್ಕೆ ಹೋಗುವ ಹಗ್ಗವನ್ನು ಹಿಡಿಯುತ್ತದೆ, ಅತಿಥಿಗಳು ಎಳೆಯುತ್ತಲೇ ಇರುತ್ತಾರೆ, ಬಾವುಟ ಅರ್ಧಕ್ಕೆ ನಿಂತಿರುತ್ತದೆ.

ಹೂವನ್ನು ಎಲ್ಲಿ ಇಡಬೇಕು ಎಂಬುದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ. ಬಾವುಟವನ್ನು ಏನನ್ನಾದರೂ ಹೊತ್ತೊಯ್ಯುವ ಚೀಲದಂತೆ ಬಳಸಬಾರದು. ಆದರೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದಂಥ ರಾಷ್ಟ್ರೀಯ ಹಬ್ಬಗಳಲ್ಲಿ ಬಾವುಟ ಅರಳುವ ಮುನ್ನ ಅದರೊಳಗೆ ಹೂವಿನ ದಳಗಳನ್ನಿಡಬಹುದು. ದಳ ಎಂದರೆ ದಳವೇ, ಇಡೀ ಹೂವಲ್ಲ ಎಂಬುದನ್ನು ಕಟ್ಟುವವರು ನೆನಪಿಡಬೇಕು. ಒದ್ದೆಯಾದ ಸೇವಂತಿಗೆಯನ್ನು ತುಂಬಿದರೆ ಗಂಟು ಬಿಗಿಯಾಗುತ್ತದೆ, ಬಿಳಿ ಪಟ್ಟಿಗೆ ಹಳದಿ ಕಲೆ ಹಿಡಿಯುತ್ತದೆ. ಒಣಗಿದ ಗುಲಾಬಿ ದಳಗಳು ಒಂದು ಹಿಡಿ ಸಾಕು. ಕಟ್ಟುವ ಮುನ್ನ ಬಾವುಟವನ್ನು ಪೂರ್ತಿ ಬಿಡಿಸಿ ಕೇಸರಿಯ ಅಂಚು ಮೇಲಿನ ಹಗ್ಗಕ್ಕೆ ಸೇರಿದೆಯೇ ಎಂದು ಇಬ್ಬರು ನೋಡಬೇಕು. ಒಮ್ಮೆ ಮಡಚಿ ಸುತ್ತಿದ ಮೇಲೆ ಯಾವ ತುದಿ ಯಾವುದು ಎಂದು ಹೊರಗಿನಿಂದ ತಿಳಿಯುವುದಿಲ್ಲ, ತಲೆಕೆಳಗಾದ ಬಾವುಟಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಒಂದು ನಿಮಿಷದ ಅವಸರದಲ್ಲಿ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವಂಥದ್ದಾಗಿರಬೇಕು. ಹಿಂದಿನ ಸಂಜೆ ದಳ ತುಂಬಿಯೇ ಒಮ್ಮೆ ಎಳೆದು ನೋಡಿದರೆ ಬೆಳಗ್ಗೆ ಆತಂಕವಿರುವುದಿಲ್ಲ.

ಸ್ತಂಭದ ಬುಡದ ರಂಗೋಲಿಯ ವಿಷಯದಲ್ಲಿ ಮನಸ್ತಾಪ ಹೆಚ್ಚು, ಏಕೆಂದರೆ ಅಲ್ಲಿ ಗಂಟೆಗಟ್ಟಲೆ ದುಡಿದವರಿರುತ್ತಾರೆ. ಬಾವುಟವನ್ನೇ, ಚಕ್ರಸಮೇತ, ನೆಲದ ಮೇಲೆ ಬಿಡಿಸಿದರೆ ಅದು ನೆಲದ ಮೇಲಿನ ಬಾವುಟವೇ ಆಗುತ್ತದೆ. ಧ್ವಜಾರೋಹಣ ಮುಗಿದು ಸಿಹಿ ಹಂಚುವ ಹೊತ್ತಿಗೆ ಮಕ್ಕಳ ಚಪ್ಪಲಿಗಳು ಅದರ ಮೇಲೆ ಓಡಾಡಿರುತ್ತವೆ, ಮಧ್ಯಾಹ್ನ ಹೌಸ್‌ಕೀಪಿಂಗ್‌ನವರು ಪೊರಕೆಯಿಂದ ಗುಡಿಸುತ್ತಾರೆ. ಅದೇ ಕೈಗಳು ಅದೇ ಮೂರು ಬಣ್ಣಗಳಲ್ಲಿ ನವಿಲನ್ನೋ ಕಮಲದ ಬಳ್ಳಿಯನ್ನೋ ಚುಕ್ಕಿ ರಂಗೋಲಿಯನ್ನೋ ಬಿಡಿಸಬಹುದು. ಬಣ್ಣಗಳ ಕ್ರಮ ಮುರಿದರೆ, ಚಕ್ರ ಬಾರದಿದ್ದರೆ, ಅದು ಹಬ್ಬದ ರಂಗೋಲಿ.

ವೇದಿಕೆಯ ಮೇಜಿಗೆ ಬಿಳಿ ಬಟ್ಟೆ ಹಾಸಿ, ಅದರ ಅಂಚಿಗೆ ಚೆಂಡುಹೂವು ಮತ್ತು ಎಲೆಯ ಮಾಲೆ ಕಟ್ಟಿದರೆ ತ್ರಿವರ್ಣ ತಾನಾಗಿಯೇ ಬರುತ್ತದೆ. ತ್ರಿವರ್ಣದ ಬಟ್ಟೆಯನ್ನು ಹೊದಿಸಬೇಕಾದ ಅಗತ್ಯವೇ ಇಲ್ಲ. ಮೈಕಿನ ಬಳಿ ಇನ್ನೊಂದು ಬಾವುಟ ಬೇಕೆಂದರೆ ಕೋಲಿಗೆ ಕಟ್ಟಿ, ಸಭಿಕರತ್ತ ಮುಖ ಮಾಡಿದ ಭಾಷಣಕಾರರ ಬಲಕ್ಕೆ ನಿಲ್ಲಿಸಬೇಕು. ಗೋಡೆಗೆ ಹಾಕುವುದಾದರೆ ಭಾಷಣಕಾರರ ಹಿಂದೆ, ತಲೆಗಿಂತ ಮೇಲೆ, ಅಡ್ಡಲಾಗಿ ಹಾಕಿದಾಗ ಕೇಸರಿ ಮೇಲಿರಬೇಕು. ಉದ್ದುದ್ದ ಇಳಿಬಿಟ್ಟರೆ ನೋಡುವವರ ಎಡಕ್ಕೆ ಕೇಸರಿ ಬರಬೇಕು. ಇದನ್ನು ಹೆಚ್ಚಿನವರು ಅದಲುಬದಲು ಮಾಡುತ್ತಾರೆ.

ಫ್ಲೆಕ್ಸ್ ಬೋರ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಇಡೀ ಬೋರ್ಡಿಗೆ ಬಾವುಟವನ್ನೇ ಹಿನ್ನೆಲೆಯಾಗಿ ಹರಡಿ, ಅದರ ಮೇಲೆ ಶುಭಾಶಯ, ಪದಾಧಿಕಾರಿಗಳ ಹೆಸರು, ಕೆಳಗೆ ಪ್ರಾಯೋಜಕರ ಅಂಗಡಿಯ ವಿಳಾಸ ಹಾಕಿಸುವುದುಂಟು. ಬಾವುಟದ ಚಿತ್ರವೂ ಬಾವುಟವೇ ಆಗಿರುವುದರಿಂದ ಅದು ಬಾವುಟದ ಮೇಲೆ ಅಕ್ಷರ ಬರೆದಂತೆಯೇ. ವ್ಯಾಪಾರಕ್ಕಾಗಿ ಬಾವುಟ ಬಳಸುವುದನ್ನು 1950ರ ಲಾಂಛನ ಮತ್ತು ಹೆಸರುಗಳ ದುರ್ಬಳಕೆ ತಡೆ ಕಾಯ್ದೆ ಬೇರೆಯೇ ಆಗಿ ನಿಷೇಧಿಸಿದೆ. ಈ ಇಡೀ ಪಟ್ಟಿಯಲ್ಲಿ ಮುಲಾಜಿಲ್ಲದೆ ಬೇಡ ಎನ್ನಬೇಕಾದದ್ದು ಇದೇ. ಶುಭಾಶಯಕ್ಕೆ ಖಾಲಿ ಬಿಳಿ ಹಿನ್ನೆಲೆ ಸಾಕು.

ಮೂರು ಬಣ್ಣದ ತೋರಣ, ಬಲೂನು, ರಿಬ್ಬನ್ನುಗಳಿಗೆ ಜಾಗ ಗೇಟು, ಕಾಂಪೌಂಡ್ ಗೋಡೆ, ಕ್ಲಬ್‌ಹೌಸಿನ ಮುಂಭಾಗ. ಸ್ತಂಭದ ಸುತ್ತ ಒಂದಷ್ಟು ಜಾಗ ಬರಿದಾಗಿ ಉಳಿಯಲಿ, ಕಟ್ಟಿದ್ದು ಯಾವುದೂ ಬಾವುಟದ ಎತ್ತರಕ್ಕೆ ಏರದಿರಲಿ. ಬಣ್ಣಗಳು ಬೇರೆಬೇರೆಯಾಗಿದ್ದರೆ ಇನ್ನೂ ಒಳ್ಳೆಯದು: ಒಂದು ಸಾಲು ಕೇಸರಿ, ಅದರಾಚೆ ಒಂದು ಸಾಲು ಬಿಳಿ, ಗಿಡಗಳ ಹಸಿರು ಹೇಗೂ ಇರುತ್ತದೆ. ಕರ್ನಾಟಕದ ಅನೇಕ ಅಂಗಳಗಳಲ್ಲಿ ಹಳದಿ-ಕೆಂಪು ಕನ್ನಡ ಬಾವುಟವೂ ವರ್ಷವಿಡೀ ಹಾರುತ್ತಿರುತ್ತದೆ. ಅದನ್ನು ಅದೇ ಸ್ತಂಭದಲ್ಲಾಗಲೀ ಪಕ್ಕದಲ್ಲಾಗಲೀ ಕಟ್ಟದೆ, ಬೇರೆ ಕಡೆ, ಕಡಿಮೆ ಎತ್ತರದಲ್ಲಿ ಹಾರಿಸಿದರೆ ಎರಡರ ನಡುವೆ ಯಾವ ಘರ್ಷಣೆಯೂ ಇರುವುದಿಲ್ಲ.

ಉಳಿದದ್ದು ಮಕ್ಕಳ ಕೈಯ ಬಾವುಟ. ಇಲ್ಲಿ ಸಂಹಿತೆ ಉದಾರವಾಗಿದೆ. ರಾಷ್ಟ್ರೀಯ, ಸಾಂಸ್ಕೃತಿಕ, ಕ್ರೀಡಾ ಸಂದರ್ಭಗಳಲ್ಲಿ ಜನ ಕಾಗದದ ಬಾವುಟಗಳನ್ನು ಬೀಸಬಹುದು. ಮುಗಿದ ಮೇಲೆ ನೆಲಕ್ಕೆ ಎಸೆಯಬಾರದು, ಆದಷ್ಟೂ ಮರೆಯಲ್ಲಿ, ಘನತೆಯಿಂದ ವಿಲೇವಾರಿ ಮಾಡಬೇಕು ಎಂದಷ್ಟೇ ಅದರ ಕೋರಿಕೆ. ಮಗುವಿನ ಕೈಯಲ್ಲಿ ಬಾವುಟ ಬೇಕೇ ಬೇಕು. ಅದು ಅಲಂಕಾರವಲ್ಲ, ಆ ಮಗು ಅದನ್ನು ಹಿಡಿದು ನಿಂತಿದೆ, ಬೀಸುತ್ತಿದೆ, ಅದನ್ನೇ ನೋಡುತ್ತಿದೆ. ಸರಕ್ಕೆ ಪೋಣಿಸಿದ ಐನೂರು ಬಾವುಟಗಳಿಗೂ ಐವತ್ತು ಮಕ್ಕಳ ಕೈಯ ಐವತ್ತು ಬಾವುಟಗಳಿಗೂ ಇರುವ ವ್ಯತ್ಯಾಸ ಅದು. ಪ್ಲಾಸ್ಟಿಕ್ ಬಾವುಟಗಳು ಕರಗುವುದಿಲ್ಲ, ಗೌರವದಿಂದ ವಿಲೇವಾರಿ ಮಾಡಲಾಗುವುದಿಲ್ಲ ಎಂಬ ಕಾರಣಕ್ಕೆ ಕೇಂದ್ರ ಗೃಹ ಸಚಿವಾಲಯ ಅವುಗಳ ಬಳಕೆ ತಡೆಯುವಂತೆ ರಾಜ್ಯಗಳಿಗೆ ಸೂಚಿಸುತ್ತಲೇ ಬಂದಿದೆ. ಹಾಗಾಗಿ ಕೊಳ್ಳುವುದು ಕಾಗದದ್ದೇ ಆಗಿರಬೇಕು, ಮಕ್ಕಳಿಗೆ ಎಣಿಸಿ ಕೊಡಬೇಕು, ತಿಂಡಿಯ ಮೇಜಿನ ಬಳಿ ಒಂದು ಬುಟ್ಟಿ ಇಟ್ಟು ಎಣಿಸಿ ವಾಪಸು ಪಡೆಯಬೇಕು. ಇಷ್ಟು ಮಾಡದಿದ್ದರೆ ಮರುದಿನ ಬೆಳಗ್ಗೆ ಅವು ಪೌರಕಾರ್ಮಿಕರ ತಳ್ಳುಗಾಡಿಯಲ್ಲಿ ಒಣಕಸದ ಜೊತೆ ಸೇರುತ್ತವೆ, ಅವನ್ನು ಏನು ಮಾಡಬೇಕೆಂಬ ಹೊಣೆ ಈ ಆಚರಣೆಗೆ ಯಾರೂ ಕರೆಯದ ವ್ಯಕ್ತಿಯ ಮೇಲೆ ಬೀಳುತ್ತದೆ.

ರಾತ್ರಿಯೂ ಹಾರಿಸಬಹುದು ಎಂಬ 2022ರ ಸಡಿಲಿಕೆಯನ್ನು ಅಪಾರ್ಟ್‌ಮೆಂಟುಗಳು ಹೆಚ್ಚಾಗಿ ತಪ್ಪಾಗಿ ಬಳಸಿಕೊಂಡಿವೆ ಎನ್ನಬೇಕು. ಹಾರಿಸಬಹುದು ಎಂದರೆ ಇಳಿಸುವುದನ್ನು ಮರೆಯಬಹುದು ಎಂದಲ್ಲ. ಹರಿದ, ಮುದುಡಿದ ಬಾವುಟವನ್ನು ಪ್ರದರ್ಶಿಸಕೂಡದು ಎಂಬ ನಿಯಮ ಹಾಗೆಯೇ ಇದೆ, ಆಗಸ್ಟಿನ ಮಳೆಗಾಳಿಗೆ ತೆಳು ಪಾಲಿಯೆಸ್ಟರಿನ ಹೊರ ಅಂಚು ಬೇಗ ಬಿಚ್ಚಿಕೊಳ್ಳತೊಡಗುತ್ತದೆ. ಮೊದಲ ಲಕ್ಷಣ ಹಸಿರಿನ ಕೆಳಮೂಲೆಯ ಹೊಲಿಗೆಯಲ್ಲೋ ಕೇಸರಿಯ ಮೇಲ್ಮೂಲೆಯಲ್ಲೋ ಜೋತುಬೀಳುವ ಎಳೆಗಳು. ಆದ್ದರಿಂದ ಧ್ವಜಾರೋಹಣಕ್ಕೆ ಅತಿಥಿಯ ಹೆಸರು ಗೊತ್ತುಮಾಡುವ ಸಭೆಯಲ್ಲೇ ಸಂಜೆ ಇಳಿಸುವವರ ಹೆಸರೂ ಗೊತ್ತಾಗಬೇಕು. ಇಳಿಸಿದ ಬಾವುಟವನ್ನು ಇಬ್ಬರು ಅಡ್ಡಲಾಗಿ ಹಿಡಿದು, ಕೇಸರಿ ಮತ್ತು ಹಸಿರನ್ನು ಬಿಳಿಯ ಕೆಳಗೆ ಮಡಚಿ, ಎರಡೂ ಬದಿಯಿಂದ ಒಳಕ್ಕೆ ಮಡಚುತ್ತ ಬಂದರೆ ಕೊನೆಗೆ ಚಕ್ರವೂ ಎರಡು ಬಣ್ಣಗಳ ಅಂಚೂ ಮೇಲೆ ಕಾಣುತ್ತವೆ. ಒದ್ದೆಯಾಗಿದ್ದರೆ ನೆರಳಲ್ಲಿ ಒಣಗಿಸಿಯೇ ಕಪಾಟಿಗಿಡಬೇಕು. ಹರಿದಿದ್ದರೆ ಹೊಲಿಸಿ ಮತ್ತೆ ಬಳಸುವುದಾಗಲೀ ಒರೆಸುವ ಬಟ್ಟೆ ಮಾಡುವುದಾಗಲೀ ಅಲ್ಲ, ಯಾರಿಗೂ ಕಾಣದಂತೆ ಇಡಿಯಾಗಿ, ಸಾಮಾನ್ಯವಾಗಿ ಸುಟ್ಟು, ಇಲ್ಲವಾಗಿಸಬೇಕು ಎನ್ನುತ್ತದೆ ಸಂಹಿತೆ. ಬುಟ್ಟಿಯಲ್ಲಿ ವಾಪಸು ಬಂದ ಕಾಗದದ ಬಾವುಟಗಳನ್ನೂ ಅದೇ ರೀತಿ ಮರೆಯಲ್ಲಿ ವಿಲೇವಾರಿ ಮಾಡಬಹುದು; ಆ ಕೆಲಸಕ್ಕೂ ಒಬ್ಬರ ಹೆಸರು, ಒಂದು ದಿನ ಸಮಿತಿಯ ಪುಸ್ತಕದಲ್ಲಿ ಬರೆದಿರಬೇಕು. ಸರಗಳಿಗೆ, ಹೊದಿಕೆಗೆ, ಫ್ಲೆಕ್ಸಿಗೆ ಉಳಿದ ಹಣದಲ್ಲಿ 1350×900 ಅಥವಾ 1800×1200 ಮಿಲಿಮೀಟರಿನ, ಸ್ತಂಭದ ಎತ್ತರಕ್ಕೆ ಒಪ್ಪುವ ಒಂದು ಒಳ್ಳೆಯ ಖಾದಿ ಬಾವುಟವನ್ನೂ, ಹಳೆಯದು ಹರಿದ ದಿನಕ್ಕೆಂದು ಇನ್ನೊಂದನ್ನೂ ತರಿಸಿಡಬಹುದು.